ಒಂದೂವರೆ ನೂಲು, ಎರಡು ನೂಲು

ಮಹಾಯುದ್ಧ ಮುಗಿದ ಹೊಸತು. ತೇಗ ಸಿಗುತ್ತಿರಲಿಲ್ಲ, ಸಿಕ್ಕಿದರೂ ಕೊಳ್ಳುವಂತಿರಲಿಲ್ಲ. ವಿಜಯಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಯಜಮಾನರು ಬಡಗಿಯಾದ ನನಗೆ ಗೂಡು ಬೇಯಿಸುವ ಕೋಣೆಗೆ ಎರಡು ಬಾಗಿಲು ಮಾಡಿಕೊಡಲು ಹೇಳಿದರು. ಅವು ಒಪ್ಪಿಗೆಯಾದರೆ ಹೊಸ ಷೆಡ್ಡಿನ ನೂಲು ತೆಗೆಯುವ ಹನ್ನೆರಡು ಪೀಠಗಳ ಕೆಲಸವೂ ನನಗೇ. ಅಷ್ಟು ಕೆಲಸ ನನ್ನ ಕೈಗೆ ಅದುವರೆಗೂ ಬಂದಿರಲಿಲ್ಲ.

ಚೌಕಟ್ಟು ಮತ್ತಿ ಮರದ್ದು, ನಡುವೆ ಪ್ಲೈವುಡ್ ಎಂದು ಲೆಕ್ಕ ಹಾಕಿ ಹೊಸಕೋಟೆಯ ಮರದ ಡಿಪೋಗೆ ಹೋದೆ. ಪ್ಲೈವುಡ್ಡಿನಲ್ಲಿ ಎರಡು ಬಗೆ ಇದ್ದವು, ಎರಡೂ ಆರಡಿ ಮೂರಡಿಯವು. ಒಂದರ ದಪ್ಪ ನಮ್ಮ ಕಸುಬಿನ ಮಾತಿನಲ್ಲಿ ಎರಡು ನೂಲು, ಅಂದರೆ ಕಾಲು ಇಂಚು. ಷೀಟಿಗೆ ಐದು ರೂಪಾಯಿ. ಇನ್ನೊಂದರದು ಒಂದೂವರೆ ನೂಲು, ತೆಳ್ಳಗೆ, ಒಂಬತ್ತು ರೂಪಾಯಿ.

"ತೆಳ್ಳಗಿರೋದಕ್ಕೆ ಜಾಸ್ತಿ ದುಡ್ಡಾ?"

"ದಪ್ಪನೇ ನೋಡ್ತೀರಲ್ಲ ಆಚಾರ್ರೆ, ಅಂಟು ನೋಡಿ," ಎಂದ ಡಿಪೋದವನು. "ಆ ದಪ್ಪದ್ದು ಹಾಲಿಂದ ಮಾಡಿದ ಅಂಟು. ಇದು ರಾಳದ್ದು, ಮಿಲಿಟರಿ ಮಾಲು, ಪದರದ ನಡುವೆ ಕೆಂಪು ಗೆರೆ ಕಾಣುತ್ತೆ. ಎರಡನ್ನೂ ಕುದಿಸಿ ನೋಡಿ, ತಿಳಿಯುತ್ತೆ."

ನಾನು ಹುಟ್ಟಾ ಚಿಂತೆಯವನು. ಬುಟ್ಟಿ ಹೊತ್ತ ಹೆಂಗಸರು ಮೊಣಕೈಯಲ್ಲಿ ತಳ್ಳಿದರೆ ತೆಳುವಾದದ್ದು ಸೀಳೀತೆ, ಚಿಲಕದ ತಿರುಪು ಕಚ್ಚೀತೆ, ಬಸ್ಸಿನ ಮೇಲೆ ತರುವಾಗ ಮೂಲೆ ಮುರಿದೀತೆ ಎಂದೆಲ್ಲ ಯೋಚಿಸಿದೆ. ಎರಡರ ತುಂಡನ್ನೂ ಮನೆಗೆ ತಂದು ತಣ್ಣೀರಿನ ಕೊಳಗದಲ್ಲಿ ಒಂದು ಹಗಲು ನೆನೆಸಿದೆ. ಎರಡೂ ಗಟ್ಟಿಯಾಗೇ ಇದ್ದವು. ಕುದಿಸುವ ಮಾತು ವ್ಯಾಪಾರಿಯ ಠಕ್ಕು ಎಂದು ನನ್ನ ಜಾಣತನಕ್ಕೆ ಬೀಗಿ, ಮತ್ತೆ ಹೋಗಿ ಎರಡು ನೂಲಿನದ್ದನ್ನೇ ತಂದೆ. ಇಷ್ಟೆಲ್ಲ ಚಿಂತಿಸಿದ ತಲೆಗೆ ಬಾಗಿಲು ಹೋಗುವುದು ಕುದಿಯುವ ಕೊಪ್ಪರಿಗೆಗಳ ಕೋಣೆಗೆ ಎಂಬುದೊಂದು ಹೊಳೆಯಲಿಲ್ಲ.

ಬಾಗಿಲು ಕೂರಿಸಿದ ಐದನೇ ವಾರ ಕಾರ್ಖಾನೆಯಿಂದ ಕರೆ ಬಂತು. ಎರಡೂ ಬಾಗಿಲಿನ ಕೆಳಗಿನ ಅಂಚು ಉಬ್ಬಿ, ಮೇಲಿನ ಪದರ ಬಾಳೆ ಸಿಪ್ಪೆಯ ಹಾಗೆ ಸುಲಿದುಕೊಂಡಿತ್ತು. ನಡುವೆ ಬೂಷ್ಟು, ಹುಳಿ ವಾಸನೆ. ಯಜಮಾನರು ಒಂದು ಚೂರು ಮುರಿದು ಗೂಡು ಬೇಯುತ್ತಿದ್ದ ನೀರಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಅದು ಮೂರು ಪದರವಾಗಿ ತೇಲಿತು.

"ಗೂಡಿಗಿಂತ ಬೇಗ ಬಿಚ್ಕೊಂಡಿತಲ್ಲ ಆಚಾರ್ರೆ," ಎಂದಳು ನೂಲು ತೆಗೆಯುತ್ತಿದ್ದ ಮುದುಕಿ. ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು.

"ನನ್ನ ಖರ್ಚಲ್ಲೇ ಬೇರೆ ಮಾಡಿಕೊಡ್ತೀನಿ ಯಜಮಾನ್ರೆ," ಎಂದು ಮೊದಲ ಬಸ್ಸಿಗೇ ಹೊಸಕೋಟೆಗೆ ಓಡಿದೆ. ರಾಳದ ಅಂಟಿನದ್ದು ಒಂದೂ ಉಳಿದಿರಲಿಲ್ಲ; ಬಸ್ಸಿನ ಬಾಡಿ ಕಟ್ಟುವವರು ಅಷ್ಟನ್ನೂ ಒಯ್ದಿದ್ದರಂತೆ. "ಮಿಲಿಟರಿ ಮಾಲು ಮತ್ತೆ ಬರುತ್ತಾ ಸ್ವಾಮಿ? ಹಾಲಿಂದು ಬೇಕಾದಷ್ಟಿದೆ, ಕೊಡ್ಲಾ?" ಎಂದ ಡಿಪೋದವನು.

ಮೂರು ದಿನ ಬೆಂಗಳೂರಿನ ಅಂಗಡಿಗಳನ್ನೆಲ್ಲ ಅಲೆದು, ಷೀಟಿಗೆ ಹನ್ನೊಂದು ರೂಪಾಯಿ ತೆತ್ತು ಎರಡು ಷೀಟನ್ನು ಹೊತ್ತು ತಂದೆ. ಈ ಸಲ ತುಂಡೊಂದನ್ನು ಕುದಿಸಿ ನೋಡಿಯೇ ತಂದಿದ್ದೆ. ಯಜಮಾನರು ಅಂಚಿನ ಕೆಂಪು ಗೆರೆಯನ್ನು ಉಗುರಿನಿಂದ ಕೆರೆದು ನೋಡಿ, "ಚೆನ್ನಾಗಿದೆ, ಹಾಕಿ," ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಪೀಠದ ಕೆಲಸ ದೊಡ್ಡಬಳ್ಳಾಪುರದವರಿಗೆ ಕೊಟ್ಬಿಟ್ಟೆ. ಅವರು ಬಂದವರೇ ಮೊದಲು ಕೇಳಿದ್ದು, ಆವಿ ಎಷ್ಟು ಹೊಡೆಯುತ್ತೆ ಅಂತ."