ಹರಾಮ್ ಅಲ್ಲ, ಆದರೆ ಅನುಮತಿಯಿಲ್ಲ

ಇಳಕಲ್ಲಿನ ಸಮೀಪದ ನಮ್ಮೂರಿನ ಮಸೀದಿಗೆ ಅಂಟಿಕೊಂಡ ಕೋಣೆಯಲ್ಲಿ ಬೆಳಗಿನ ಹೊತ್ತು ಹುಡುಗಿಯರಿಗೆ ಕುರಾನ್ ಓದಿಸುತ್ತಿದ್ದವರನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಓದಿಸುವುದೆಂದರೆ ಅಕ್ಷರ ಗುರುತಿಸಿ, ಉಚ್ಚಾರ ತಿದ್ದಿ, ಪುಟ ದಾಟಿಸುವುದಷ್ಟೆ. ಅರ್ಥ ಅದರೊಳಗೆ ಸೇರಿರಲಿಲ್ಲ. ಆದರೆ ಆಪಾರ ತಂದೆ ಮದರಸಾದ ಉಸ್ತಾದರಾಗಿದ್ದವರು. ಅರಬ್ಬಿ ಪದಗಳ ರೂಪ ಕಟ್ಟುವ ವಿದ್ಯೆಯನ್ನು, ಅಂದರೆ ಸರ್ಫನ್ನು, ಮಗಳಿಗೆ ಮನೆಯಲ್ಲೇ ಕಲಿಸಿದ್ದರು. ಅದನ್ನು ಆಪಾ ನಾಲ್ವರು ದೊಡ್ಡ ಹುಡುಗಿಯರಿಗೆ ದಾಟಿಸಿದರು. ಮೂರಕ್ಷರದ ಒಂದು ಧಾತುವಿನಿಂದ ಭೂತಕಾಲದ ಹದಿನಾಲ್ಕು ರೂಪಗಳನ್ನು ಆ ಹುಡುಗಿಯರು ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ಮುಂದಿನದು ನಹ್ವ್, ವಾಕ್ಯದೊಳಗೆ ಪದದ ಸ್ಥಾನವೇನು, ಅದಕ್ಕೆ ತಕ್ಕಂತೆ ಅದರ ಕೊನೆಯ ಸ್ವರ ಹೇಗೆ ಬದಲಾಗುತ್ತದೆ ಎಂಬ ಶಾಸ್ತ್ರ. ಅದಿಲ್ಲದೆ ಯಾರು ಯಾರಿಗೆ ಏನು ಮಾಡಿದರೆಂಬುದು ತಿಳಿಯುವುದಿಲ್ಲ. ಅಷ್ಟು ಕಲಿಸುವ ಮೊದಲೇ ಆಪಾರ ತಂದೆ ತೀರಿಹೋಗಿದ್ದರು.

ಹೀಗಾಗಿ ಆಪಾ ಬಾಗಲಕೋಟೆಯ ಮದರಸಾದ ಮುಖ್ಯಸ್ಥರಿಗೆ ಉರ್ದುವಿನಲ್ಲಿ ಪತ್ರ ಬರೆದರು. 'ಮೊದಲ ವರ್ಷದ ಹುಡುಗರಿಗೆ ನಹ್ವ್ ನಡೆಯುವಾಗ ಪರದೆಯ ಹಿಂದೆ ಈ ನಾಲ್ವರು ವಾರಕ್ಕೆ ಎರಡು ದಿನ ಕೂತು ಕೇಳಲಿ, ಕರೆತರುವ ಹೊಣೆ ನನ್ನದು.' ಕೇಳಿದ್ದು ಇಷ್ಟೇ. ರಂಜಾನ್ ಕಳೆದ ಮರುತಿಂಗಳು ಮದರಸಾದ ಹೊಸ ವರ್ಷ. ಮೊದಲ ಪಾಠಗಳು ತಪ್ಪಿದರೆ ನಡುವೆ ಹೋಗಿ ಕೂತು ಪ್ರಯೋಜನವಿಲ್ಲ. ಮರುವರ್ಷದ ತನಕ ಮದುವೆ ತಡೆದು ಆ ಹುಡುಗಿಯರನ್ನು ಓದಿಗೆ ಬಿಡುವ ಮನೆಗಳೂ ಅವಲ್ಲ.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದವಳು, ಪತ್ರವನ್ನು ಕೈಯಾರೆ ಕೊಡಲು ಹೊರಟ ಆಪಾರ ಜೊತೆ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದೆ. ಮದರಸಾದ ಅಂಗಳದಲ್ಲಿ ಹುಡುಗರು ಅದೇ ಹದಿನಾಲ್ಕು ರೂಪಗಳನ್ನು ಕೂಗುತ್ತಿದ್ದರು. 'ಅವಳು ಮಾಡಿದಳು, ಅವರಿಬ್ಬರು ಹೆಂಗಸರು ಮಾಡಿದರು, ಆ ಹೆಂಗಸರೆಲ್ಲ ಮಾಡಿದರು.' ಹೆಣ್ಣಿನ ಕ್ರಿಯಾಪದಗಳಿಗೆ ಅಲ್ಲಿ ಎಂದೂ ತಡೆಯಿರಲಿಲ್ಲ.

ಮುಖ್ಯಸ್ಥರು ಪತ್ರವನ್ನು ಪೂರ್ತಿ ಓದಿದರು.

"ನೀವು ನಮ್ಮ ಉಸ್ತಾದರ ಮಗಳು. ಕೂಡ್ರಿ, ಚಾ ಕುಡೀರಿ. ಹೆಣ್ಮಕ್ಕಳಿಗೆ ಗಂಡು ಉಸ್ತಾದರು ಕಲಿಸೋದು ಛಲೋ ಕಾಣಂಗಿಲ್ಲ ನೋಡ್ರಿ."

"ಹೆಣ್ಣು ಉಸ್ತಾದರನ್ನ ಕೊಡ್ರಿ ಹಜರತ್," ಎಂದರು ಆಪಾ.

"ನಹ್ವ್ ಕಲ್ತ ಹೆಣ್ಮಗಳು ಈ ಕಡೆ ಎಲ್ಲಿ ಅದಾಳ್ರಿ?"

"ಅದಕ್ಕ ಅಲ್ಲೇನ್ರಿ ನಾ ಬಂದಿದ್ದು?"

ಅವರು ನಕ್ಕರು. ನನಗೆ ತಡೆಯಲಾಗಲಿಲ್ಲ. "ಇದು ಹರಾಮ್ ಏನ್ರಿ?" ಎಂದೆ.

"ತೋಬಾ! ಹರಾಮ್ ಅಂತ ಯಾರಂದ್ರವಾ?"

"ಹಂಗಾರ ಬ್ಯಾಡ ಅಂತ ಬರದು ಕೊಡ್ರಿ. ಯಾಕ ಬ್ಯಾಡ, ಅದನ್ನೂ ಬರೀರಿ."

"ಯುನಿವರ್ಸಿಟಿ ಹುಡುಗಿ ಏನು?" ಎಂದು ಆಪಾರನ್ನು ಕೇಳಿ, ಪತ್ರವನ್ನು ಮಡಚಿ ಮೇಜಿನ ಬದಿಗಿಟ್ಟರು. "ಶೂರಾದ ಮುಂದ ಇಡ್ತೇನಿ."

ಶೂರಾ ಎಂದರೆ ಮದರಸಾದ ಆಡಳಿತ ನಡೆಸುವ ಹಿರಿಯರ ಸಭೆ. ಅದು ಹೆಂಗಸಿಗೆ ಉತ್ತರ ಬರೆಯುವ ಪದ್ಧತಿಯಿಲ್ಲ. ಒಂದು ಜುಮ್ಮಾ ನಮಾಜಿನ ನಂತರ ನಮ್ಮೂರ ಜಮಾತಿನ ಅಧ್ಯಕ್ಷರ ಕಿವಿಗೆ ಮಾತು ಬಿತ್ತು, ಅವರಿಂದ ಆಪಾರ ಅಣ್ಣನಿಗೆ, ಅಣ್ಣನಿಂದ ಆಪಾರಿಗೆ. ಅಷ್ಟು ಬಾಯಿ ದಾಟುವಷ್ಟರಲ್ಲಿ ನಿರಾಕರಣೆಗೆ ಒಡೆಯನೇ ಇರಲಿಲ್ಲ. 'ಈಗಿನ ಸನ್ನಿವೇಶದಲ್ಲಿ ಬೇಡ. ಕೋಣೆಯಲ್ಲಿ ಓದಿಸುವುದು, ನಮಾಜಿನ ವಿಧಿ, ಇಷ್ಟೇ ಇರಲಿ. ಸರ್ಫ್ ಕೂಡ ನಿಲ್ಲಲಿ.' ಕೇಳಿದ್ದು ಸಿಗಲಿಲ್ಲ, ಇದ್ದದ್ದೂ ಹೋಯಿತು. ಆಪಾ ಒಪ್ಪಲಿಲ್ಲ. ಜಮಾತಿನವರು ಕೋಣೆಯ ಬೀಗ ಬದಲಿಸಿದರು.

ನಾವು ಎಡವಿದ್ದೆಲ್ಲಿ ಎಂದು ಆಮೇಲೆ ತಿಳಿಯಿತು. ನಾವು ಕೊಟ್ಟದ್ದು ಅರ್ಜಿ, ಅರ್ಜಿಯನ್ನು ಮಡಚಿಡಬಹುದು. ಅದನ್ನೇ ಧರ್ಮಪ್ರಶ್ನೆಯಾಗಿ, ಅಂಥ ಪ್ರಶ್ನೆಗಳಿಗೆ ತೀರ್ಪು ಹೇಳುವ ಮುಫ್ತಿಯ ಮುಂದಿಟ್ಟಿದ್ದರೆ ರೂಢಿಯಂತೆ ಮೊಹರಿನೊಡನೆ ಲಿಖಿತ ಉತ್ತರ ಬರುತ್ತಿತ್ತು. ಎರಡನೆಯ ಸಲ ನಾನು ಹಾಗೆಯೇ ಬರೆದೆ: 'ಹುಡುಗಿಯರು ಅರಬ್ಬಿ ವ್ಯಾಕರಣ ಕಲಿಯುವುದು ಸಮ್ಮತವೋ ಅಲ್ಲವೋ?' ಉತ್ತರ ಬರುವಷ್ಟರಲ್ಲಿ ಮದರಸಾದಲ್ಲಿ ಅರ್ಧ ವರ್ಷದ ಪರೀಕ್ಷೆ ಮುಗಿದಿತ್ತು. ಮೊಹರು ಸ್ಪಷ್ಟವಾಗಿತ್ತು. ಸಮ್ಮತ, ಪರದೆಯ ನಿಯಮ ಪಾಲಿಸಬೇಕು, ಪಾಲಕರ ಮತ್ತು ಮದರಸಾದ ಆಡಳಿತದ ಅನುಮತಿ ಇರಬೇಕು.

ಯಾವ ಆಡಳಿತ? ಕಾರಣ ಬರೆಯದ, ಸಹಿ ಹಾಕದ, ಎದುರಿಗೆ ಬರದ ಅದೇ ಆಡಳಿತ. ಧರ್ಮ ತಡೆಯದ್ದನ್ನು ಧರ್ಮದ ಹೆಸರಿನ ಕಟ್ಟಡದಲ್ಲಿ ಕೂತು ತಡೆದವರು ಯಾರೆಂದು ನಾನು ಇಂದಿಗೂ ಕೇಳುತ್ತಿದ್ದೇನೆ. ಹೆಸರು ಹೇಳಲು ಒಬ್ಬರೂ ಮುಂದೆ ಬಂದಿಲ್ಲ.

ನಾಲ್ವರಲ್ಲಿ ಚುರುಕಾಗಿದ್ದವಳು, ಮುಫ್ತಿಯ ಉತ್ತರ ಬರುವ ಮೊದಲೇ ಮದುವೆಯಾಗಿ ಹೋದವಳು, ಮೊನ್ನೆ ಇಳಕಲ್ಲ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಅತ್ತೆ.

"ಅಕ್ಕಾ, ಮುಫ್ತಿ ಏನಂದ್ರಂತ?"

"ಕಲೀಬಹುದು ಅಂದ್ರು."

"ಹೌದಾ!" ಎಂದು ಮುಖ ಅರಳಿಸಿದಳು. "ಮತ್ತ ಯಾವಾಗಿಂದ ಸುರು?"

ಅತ್ತೆ ಬಸ್ಸು ಬಂತೆಂದು ಅವಳ ತೋಳು ಎಳೆದಳು. ಕಿಟಕಿಯ ಬಳಿ ಕೂತ ಮೇಲೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.