ಹಾಡು ಕೇಳಲು ಬಂದವರ ವಿಳಾಸ

ಶಹಾಪುರದ ನನ್ನ ಅಂಗಡಿಯಲ್ಲಿ ಅರ್ಜಿ ತುಂಬುವುದು, ಝೆರಾಕ್ಸ್, ಬೀಜದಂಗಡಿ-ಶಾಲೆಗಳಿಗೆ ವೆಬ್‌ಸೈಟು ಮಾಡಿಕೊಡುವುದು ಎಲ್ಲ ಒಂದೇ ಟೇಬಲ್ಲಿನ ಮೇಲೆ ನಡೆಯುತ್ತದೆ. ನಮ್ಮ ಓಣಿಯ ಅಕ್ಕ ಪ್ರತಿ ಗುರುವಾರ ಒಂದು ನೋಟ್‌ಬುಕ್ಕು ತರುತ್ತಿದ್ದಳು. ಅದರಲ್ಲಿ ಮಗಳಿಗೆ ಪತ್ರ.

ಮಗಳು ತನ್ನ ಮನಸ್ಸಿಗೆ ಬಂದವನನ್ನು ಮದುವೆಯಾಗಿ ಹೋಗಿ ಮೂರು ವರ್ಷ. ಅಕ್ಕ ಅಂದು ಬಾಗಿಲಲ್ಲಿ ನಿಂತು ಆಡಿದ ಮಾತು ವಾಪಸ್ ತೆಗೆದುಕೊಳ್ಳುವಂಥದ್ದಲ್ಲ. ಆಮೇಲೆ ಪತ್ರ ಕಳಿಸಲು ಊರು ಗೊತ್ತಿಲ್ಲ. ಹಾಗಾಗಿ ಯಾರೂ ಊಹಿಸಲಾಗದ ಉದ್ದನೆಯ ವಿಳಾಸದ ಒಂದು ಪುಟ ಮಾಡಿದೆ. ಪಾಸ್‌ವರ್ಡ್ ಇಲ್ಲ, ವಿಳಾಸವೇ ಕೀಲಿ. ಅದನ್ನು ಅಕ್ಕನ ಗುಂಡಿ ಫೋನಿನಿಂದ ಮಗಳ ನಂಬರಿಗೆ ಕಳಿಸಿದೆವು. ವಾರದೊಳಗೆ ಆ ನಂಬರು ಬಂದ್ ಆಯಿತು. ಮಗಳು ಅದನ್ನು ಓದಿದಳೋ ಇಲ್ಲವೋ ತಿಳಿಯಲಿಲ್ಲ.

"ಯಾರು ನೋಡ್ಯಾರ ಅಂತ ಎಣಿಸೂ ಹಂಗ ಇಡ್ಲೇನು?" ಎಂದು ಕೇಳಿದ್ದೆ.

"ಬ್ಯಾಡವ್ವ ತಂಗಿ. ಆಕಿ ಬೆನ್ನಿಗಿ ನಾ ಕಣ್ಣಿಡಂಗಿಲ್ಲ. ಅದಕ್ಕ ಹೋಗ್ಯಾಳ ಆಕಿ."

ಎಣಿಕೆ ಬಂದ್ ಮಾಡಿದೆ. ಅಕ್ಕ ಬರೆದದ್ದನ್ನು ಇದ್ದ ಹಾಗೇ ಟೈಪು ಮಾಡುತ್ತಿದ್ದೆ: ಎಮ್ಮೆ ಈದದ್ದು, ಪುಂಡಿಪಲ್ಲೆ ಹುಳಿ ಹೆಚ್ಚಾದದ್ದು. ಒಮ್ಮೆ ತಿಂಥಣಿಯ ಹೊಳೆದಂಡೆಯಲ್ಲಿ ತನ್ನ ಅಪ್ಪ ಹಾಡುತ್ತಿದ್ದ ತತ್ವಪದದ ಬಗ್ಗೆ ಬರೆದಳು. ಸುರಪುರದ ನಿವೃತ್ತ ಮಾಸ್ತರರೊಬ್ಬರು ಹಳೆಯ ಹಾಡುಗಾರರ ದನಿಗಳನ್ನು ತಮ್ಮ ಸೈಟಿನಲ್ಲಿ ಕೂಡಿಹಾಕಿದ್ದಾರೆ. ಅಕ್ಕನ ಅಪ್ಪನ ದನಿಯೂ ಅಲ್ಲಿದೆ. ಅದಕ್ಕೊಂದು ಲಿಂಕು ಕೊಟ್ಟೆ.

ತಪ್ಪು ಅಲ್ಲೇ ಇತ್ತು. ಹಳೆ ಮೊಸರಿನ ಹೆಪ್ಪಿನಿಂದ ಹೊಸ ಮೊಸರು ಮಾಡುವಂತೆ ನಾನು ಎಲ್ಲ ಪುಟಗಳಿಗೂ ಬೀಜದಂಗಡಿಯ ಪುಟದ ತಲೆಭಾಗವನ್ನೇ ನಕಲು ಮಾಡುತ್ತೇನೆ. ಲಿಂಕು ಒತ್ತಿದಾಗ, ಎಲ್ಲಿಂದ ಬಂದೆ ಎಂಬುದನ್ನು ಬ್ರೌಸರು ಮುಂದಿನ ಸೈಟಿಗೆ ಹೇಳುತ್ತದೆ. ಅದಕ್ಕೆ ರೆಫರರ್ ಎನ್ನುತ್ತಾರೆ. ಈಗಿನ ಬ್ರೌಸರುಗಳು ಬೇರೆ ಸೈಟಿಗೆ ತಾವಾಗಿ ಹೇಳುವುದು ಸೈಟಿನ ಹೆಸರನ್ನಷ್ಟೇ. ಆದರೆ ತನ್ನ ಗಿರಾಕಿಗಳು ಯಾವ ಪುಟದಿಂದ ಬಂದರೆಂದು ಬೀಜದ ಕಂಪನಿಗೆ ತಿಳಿಯಲಿ ಎಂದು ಬೀಜದಂಗಡಿಯವನು ಕೇಳಿದ್ದರಿಂದ, ಪೂರ್ತಿ ವಿಳಾಸ ಹೇಳು ಎಂಬ ರೆಫರರ್ ಪಾಲಿಸಿಯನ್ನು ನಾನೇ ಬರೆದಿದ್ದೆ. ಆ ಸಾಲು ಅಕ್ಕನ ಪುಟದಲ್ಲೂ ಕುಳಿತಿತ್ತು.

ಒಂದು ಸೋಮವಾರ, ನನ್ನ ಸೈಟಿನಲ್ಲಿದ್ದ ನಂಬರಿಗೆ ಮಾಸ್ತರರ ಫೋನು.

"ಅಕ್ಕಾರ, ನಮ್ಮ ಪುಟದ ಕೆಳಗ 'ಎಲ್ಲಿಂದ ಬಂದರು' ಅಂತ ಹ್ವಾದ ವಾರ ಪಟ್ಟಿ ಹಾಕೀನಲ್ರಿ, ಎಲ್ಲಾರಿಗೂ ಕಾಣೂದು. ಅದರಾಗ ನಿಮ್ಮ ಸೈಟಿಂದು ಒಂದು ಉದ್ದನ ವಿಳಾಸ ಕುಂತದ. ಒತ್ತಿ ನೋಡ್ದೆ. ತಾಯಿ ಮಗಳಿಗಿ ಬರದದ್ದು. ಎರಡು ಸಾಲಿಗೇ ಮುಚ್ಚೀನ್ರಿ, ದೇವರಾಣಿ."

ಪಟ್ಟಿ ತೆಗೆಯಿರಿ ಎಂದೆ. ಆಗಲೇ ತೆಗೆದಿದ್ದರು. "ಮೂರು ಸಲ ಬಂದದ್ರಿ. ಮೊದಲನೇದು ಹ್ವಾದ ಮಂಗಳವಾರ, ಮುಂಜಾನಿ ಆರಕ್ಕ."

ಅಕ್ಕ ಬಂದಾಗ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬೇರೆಯದನ್ನೇ ಕೇಳಿದಳು.

"ಆ ಮೂರರಾಗ ನೀ ಅದೀ ಏನು?"

"ಇಲ್ಲಕ್ಕ. ನಾ ಒತ್ತಿ ನೋಡಿದ್ದು ಲಿಂಕ್ ಹಾಕಿದ ದಿನ, ತಿಂಗಳಾತು. ಪಟ್ಟ್ಯಾಗ ವಾರದ್ದಷ್ಟ ಇರ್ತದ. ಕಡೀ ಎರಡು, ಪಟ್ಟಿ ನೋಡಿ ನಮ್ಮ ಪುಟಕ್ಕ ಬಂದು ಹಾಡು ಒತ್ತಿದ ಯಾರರ ಇರಬಹುದು. ಮೊದಲನೇದಕ್ಕ ಮಾತ್ರ ವಿಳಾಸ ಮೊದಲೇ ಗೊತ್ತಿರಬೇಕು."

ಗೊತ್ತಿದ್ದವರು ಮೂವರೇ: ನಾನು, ಗುಂಡಿ ಫೋನಿನ ಅಕ್ಕ, ಮಗಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನಕ್ಕಳು.

"ಮುಂಜಾನಿ ಆರಕ್ಕ! ಇಲ್ಲಿದ್ದಾಗ ಎಂಟಾದ್ರೂ ಕೌದಿ ಬಿಡತಿದ್ದಿಲ್ಲ, ಸೋಮಾರಿ."

ವಿಳಾಸ ಬದಲಿಸಿದರೆ ಮಗಳಿಗೆ ದಾರಿ ತಪ್ಪುತ್ತದೆ. ಹಾಗೇ ಬಿಟ್ಟರೆ ಹೊರಬಿದ್ದ ಕೀಲಿ ಯಾರ ಕೈಯಲ್ಲಿದೆಯೋ ತಿಳಿಯದು. ಕೊನೆಗೆ ಹಳೆಯ ವಿಳಾಸದಲ್ಲಿ ಒಂದೇ ಸಾಲು ಇಟ್ಟೆವು: 'ನೀ ಸಣ್ಣಾಕಿದ್ದಾಗ ಕರುವಿಗಿ ಇಟ್ಟ ಹೆಸರು ಬರಿ.' ಪತ್ರಗಳೆಲ್ಲ ಆ ಪಾಸ್‌ವರ್ಡಿನ ಹಿಂದೆ ಹೋದವು. ಉಳಿದದ್ದು ಆ ಪಾಲಿಸಿಯ ಸಾಲು. ಅದನ್ನು ಅಳಿಸಿ, ಎಲ್ಲಿಂದ ಬಂದದ್ದೆಂದು ಏನೂ ಹೇಳಬೇಡ ಎಂಬ 'ನೋ-ರೆಫರರ್' ಬರೆಯಬೇಕಿತ್ತು.

"ಅದು ಹಾಕಿದ ಮ್ಯಾಲ ಆಕಿ ಮತ್ತ ಹಾಡು ಕೇಳಿದ್ರ ನಮಗ ತಿಳಿತದೇನು?"

"ಇಲ್ಲಕ್ಕ. ಹಾಡು ಕೇಳ್ತಾಳ. ನಮ್ಮ ಪುಟದಿಂದ ಬಂದಾಳ ಅಂತ ಮಾಸ್ತರಿಗೂ ತಿಳಿಯಂಗಿಲ್ಲ."

ಸುರಪುರದ ಬಸ್ಸು ಹೋಯಿತು, ಧೂಳು ಒಳಬಂತು.

"ಹಾಕು," ಎಂದಳು.

ಹಾಕಿದೆ. ಉಳಿದ ಪುಟಗಳನ್ನೂ ಒಂದೊಂದಾಗಿ ತೆರೆದು ನೋಡಿದೆ, ಎರಡು ದಿನ ಹಿಡಿಯಿತು. ಕರುವಿನ ಹೆಸರು ಯಾರಾದರೂ ಬರೆದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ, ಎಣಿಕೆ ಬಂದ್ ಆಗಿಯೇ ಇದೆ. ಅಕ್ಕ ಗುರುವಾರ ತಪ್ಪಿಸುವುದಿಲ್ಲ. ನೋ-ರೆಫರರ್ ಹಾಕಿದ ವಾರದ ಪತ್ರ ಹೀಗೆ ಶುರುವಾಗಿತ್ತು: 'ಲಗು ಏಳ್ತಿ ಅಂತ ತಿಳೀತು. ಥಂಡಿ ಅದ, ತಲಿಗಿ ಏನರ ಕಟಗೊಂಡು ಏಳು.'