ಬೀಗ ಹಾಕಿದೆ

ಮಕ್ಕಳು ಆ ಟೀಚರಿಗೆ ಇಟ್ಟಿದ್ದ ಹೆಸರು ‘ಯಾರು ಮಿಸ್’. ಬೆನ್ನ ಹಿಂದೆ ಕರೆಯುವ ಹೆಸರು. ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಮೂವತ್ನಾಲ್ಕು ವರ್ಷ ವ್ಯಾಕರಣ ಹೇಳಿಕೊಟ್ಟವರಿಗೆ ಇದಕ್ಕಿಂತ ಕೆಟ್ಟ ಹೆಸರು ಬರಬಹುದಿತ್ತು.

ಯಾರಾದರೂ ಓಡಿಬಂದು, “ಮಿಸ್, ಹೂಜಿ ಒಡೆದುಹೋಯ್ತು” ಎಂದರೆ ಅವರು ಪುಸ್ತಕದಿಂದ ತಲೆ ಎತ್ತದೆ ಕೇಳುತ್ತಿದ್ದರು:

“ಯಾರು?”

“ಅದೇ ಒಡೆದುಹೋಯ್ತು ಮಿಸ್.”

“ಹೂಜಿಗೆ ಬೇಜಾರಾಗಿ ಪ್ರಾಣ ಬಿಡ್ತಾ? ಬಾ, ಬೋರ್ಡಿನ ಮೇಲೆ ಬರಿ.”

ಹುಡುಗಿ ಬರೆಯುತ್ತಿದ್ದಳು: ‘ನಾನು ಹೂಜಿಯನ್ನು ಒಡೆದೆನು.’ ಅವರು ಅದರ ಕೆಳಗೆ ಬರೆಯುತ್ತಿದ್ದರು: ‘ನನ್ನಿಂದ ಹೂಜಿಯು ಒಡೆಯಲ್ಪಟ್ಟಿತು.’ ಮೊದಲನೆಯದು ಕರ್ತರಿ ಪ್ರಯೋಗ, ಮಾಡಿದವರು ಮುಂದೆ ನಿಂತಿದ್ದಾರೆ, ಕ್ರಿಯಾಪದ ಅವರ ಮಾತು ಕೇಳುತ್ತದೆ. ಎರಡನೆಯದು ಕರ್ಮಣಿ. ಹೂಜಿ ‘ಅನ್ನು’ ಕಳಚಿಟ್ಟು ಮುಂದೆ ಬಂದಿದೆ, ಕ್ರಿಯಾಪದ ಈಗ ಹೂಜಿಯ ಕಡೆ ತಿರುಗಿದೆ, ‘ನಾನು’ ಎಂಬುದು ‘ನನ್ನಿಂದ’ ಆಗಿ ಮೂಲೆ ಸೇರಿದೆ.

“ಆ ‘ನನ್ನಿಂದ’ ಅನ್ನೋದನ್ನ ಬಿಟ್ಟುಬಿಟ್ರೆ?” ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು.

“ಬಿಡಬಹುದು. ‘ಹೂಜಿಯು ಒಡೆಯಲ್ಪಟ್ಟಿತು’ ಅಂದ್ರೂ ವಾಕ್ಯ ಸರಿಯೇ.”

“ಹಾಗಾದ್ರೆ ‘ಹೂಜಿ ಒಡೆದುಹೋಯ್ತು’ ಅಂದ್ರೆ?”

“ಅಲ್ಲಿ ಮಾಡಿದವರೇ ಇಲ್ಲ. ‘ಒಡೆಯಲ್ಪಟ್ಟಿತು’ ಅನ್ನೋದು ಕಳ್ಳನ್ನ ಮನೇಲಿ ಬಚ್ಚಿಡೋದು. ಇದು, ಕಳ್ಳ ಹುಟ್ಟೇ ಇಲ್ಲ ಅನ್ನೋದು.”

ಮಕ್ಕಳು ನಗುತ್ತಿದ್ದರು. ಪರೀಕ್ಷೆಯಲ್ಲಿ ಎರಡು ಅಂಕ, ಅಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಂತೂ ತಮಾಷೆಗಲ್ಲದೆ ಕರ್ಮಣಿಗೆ ಕಾಲಿಡಲು ಜಾಗವಿರಲಿಲ್ಲ. ಅವರ ಗಂಡ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಏನಮ್ಮಾ, ನಿನ್ನಿಂದ ಚಹಾ ಮಾಡಲ್ಪಟ್ಟಿತೋ?” ಎಂದು ರೇಗಿಸುವರು. “ನಿಮ್ಮಿಂದಲೇ ಮಾಡಲ್ಪಡಲಿ” ಎಂದು ಇವರು ಲೋಟ ಕೈಗೆ ಕೊಡುವರು. ಬಾಯಲ್ಲಿ ಯಾರೂ ಆಡದ ಮಾತು. ಅದು ಬದುಕುವುದು ಕಾಗದದ ಮೇಲೆ, ಅದರಲ್ಲೂ ಮೊಹರು ಬೀಳುವ ಕಾಗದದ ಮೇಲೆ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಶಾಲೆಯಲ್ಲಿ ಆ ಗುರುವಾರ ಬಂತು. ಪಡಸಾಲೆಯ ಕರೆಂಟು ಪೆಟ್ಟಿಗೆಯಿಂದ ಹೊಗೆ ಎದ್ದಿತು. ಬೆಂಕಿಯೇನೂ ದೊಡ್ಡದಾಗಲಿಲ್ಲ. ಆದರೆ ಹೊಗೆ ಮುಂಬಾಗಿಲ ಕಡೆಗಿತ್ತು, ಚಿಕ್ಕ ಮಕ್ಕಳೆಲ್ಲ ಹಿಂಬಾಗಿಲಿಗೆ ಓಡಿದರು. ಹಿಂಬಾಗಿಲಿಗೆ ಬೀಗ. ಮುಂದಿದ್ದವರು ನಿಂತರು, ಹಿಂದಿದ್ದವರು ನಿಲ್ಲಲಿಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಕೆಳಗೆ ಬಿದ್ದಳು, ಅವಳ ಎಡಗೈ ಮೊಣಕೈ ಹತ್ತಿರ ಮುರಿಯಿತು. ಗುಮಾಸ್ತರು ಎಲ್ಲಿಂದಲೋ ಕೀ ತಂದು ಬಾಗಿಲು ತೆಗೆದಾಗ ಆಯಮ್ಮ ಆ ಮಗುವನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು.

ಆಯಮ್ಮ ಎಂದರೆ ಹತ್ತೊಂಬತ್ತು ವರ್ಷದಿಂದ ಆ ಶಾಲೆಯ ಹನ್ನೊಂದು ಕೋಣೆ ಗುಡಿಸಿ, ಗಂಟೆ ಹೊಡೆದು, ಒಂದನೇ ತರಗತಿಯ ಮೂಗು ಒರೆಸುತ್ತ ಬಂದವಳು. ಅವಳ ಕೆಲಸ ಕಾಯಂ ಆಗಿರಲಿಲ್ಲ. ಆಗುತ್ತದೆ ಆಗುತ್ತದೆ ಎಂದು ಕೇಳುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು.

ಸೋಮವಾರ ಹೆಡ್‌ಮಾಸ್ಟರು ಟೀಚರನ್ನು ಕರೆಸಿದರು. ಅವರು ಇದೇ ಶಾಲೆಯಲ್ಲಿ ಓದಿದವರು, ಇದೇ ಟೀಚರ ಶಿಷ್ಯ. ಜನರೆದುರು ಟೀಚರು ಅವರನ್ನು ‘ಸಾರ್’ ಎನ್ನುತ್ತಿದ್ದರು, ಇಬ್ಬರೇ ಇದ್ದಾಗ ‘ಏನಪ್ಪಾ’.

“ಮಿಸ್, ನಾಳೆ ಮೇಲಿನ ಆಫೀಸರು ಬರ್ತಾರೆ. ವರದಿ ಬರೆದಿದ್ದೀನಿ. ಕಾಗುಣಿತ ಒಂಚೂರು ನೋಡಿಬಿಡಿ. ನಿಮ್ಮ ಕಣ್ಣು ತಪ್ಪಿಸಿ ಒಂದು ಕೊಂಬೂ ಹೋಗಲ್ಲ.”

ಟೀಚರು ಕೆಂಪು ಪೆನ್ನು ತೆಗೆದು ಕೂತರು.

‘ವಿದ್ಯುತ್ ಪೆಟ್ಟಿಗೆಯಲ್ಲಿ ಹೊಗೆ ಕಾಣಿಸಿಕೊಂಡಿತು. ಮಕ್ಕಳನ್ನು ಹೊರಗೆ ಕಳುಹಿಸಲಾಯಿತು. ಹಿಂಬಾಗಿಲಿಗೆ ಬೀಗ ಹಾಕಲ್ಪಟ್ಟಿತ್ತು. ನೂಕುನುಗ್ಗಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಕೈ ಮುರಿಯಿತು. ಘಟನೆಗೆ ಮೂರು ದಿನ ಮೊದಲೇ ಶಾಲೆಯ ಆಯಾ, “ಹಿಂಬಾಗಿಲಿಗೆ ಬೀಗ ಹಾಕಿದೆ” ಎಂದು ದುರಸ್ತಿ ಪುಸ್ತಕದಲ್ಲಿ ಸಹಿ ಮಾಡಿ ಒಪ್ಪಿಕೊಂಡಿದ್ದಾಳೆ. ಆಕೆಯನ್ನು ಕೆಲಸದಿಂದ ತೆಗೆಯಬಹುದಾಗಿದೆ.’

ಕಾಗುಣಿತ ತಪ್ಪಿರಲಿಲ್ಲ. ಒಂದು ಕೊಂಬೂ ತಪ್ಪಿರಲಿಲ್ಲ. ಟೀಚರು ಮತ್ತೆ ಮೊದಲಿಂದ ಓದಿದರು. ಇಡೀ ಹಾಳೆಯಲ್ಲಿ ಕೆಲಸ ಮಾಡಿದ ಮನುಷ್ಯರು ಕಾಣುವುದು ಒಂದೇ ವಾಕ್ಯದಲ್ಲಿ, ಅಲ್ಲಿರುವವಳು ಆಯಮ್ಮ. ಉಳಿದದ್ದೆಲ್ಲ ತಾನೇ ಕಾಣಿಸಿಕೊಂಡಿತು, ತಾನೇ ಮುರಿಯಿತು, ಯಾರಿಂದಲೋ ಹಾಕಲ್ಪಟ್ಟಿತ್ತು. ಕುರ್ಚಿಯ ಮೇಲಿದ್ದವರಿಗೆ ಕರ್ಮಣಿ, ಪೊರಕೆ ಹಿಡಿದವಳಿಗೆ ಕರ್ತರಿ!

“ಈ ‘ಹಾಕಲ್ಪಟ್ಟಿತ್ತು’ ಅನ್ನೋದಕ್ಕೆ ಕರ್ತೃ ಯಾರಪ್ಪಾ?”

ಹೆಡ್‌ಮಾಸ್ಟರು ನಕ್ಕರು. “ನೀವೇ ಹೇಳಿಕೊಟ್ಟಿದ್ದಲ್ವಾ ಮಿಸ್, ಕರ್ಮಣೀಲಿ ಕರ್ತೃ ಬಿಟ್ರೂ ವಾಕ್ಯ ಸರಿ ಅಂತ. ಎರಡಕ್ಕೆ ಎರಡು ಅಂಕ ಕೊಟ್ಟಿದ್ರಿ.”

ಟೀಚರಿಗೆ ಕೆನ್ನೆಗೆ ಹೊಡೆದಂತಾಯಿತು. ಮೂವತ್ನಾಲ್ಕು ವರ್ಷ ಎಷ್ಟು ಮಕ್ಕಳ ಕೈಗೆ ಈ ಚಾಕು ಕೊಟ್ಟೆ? ಯಾವಾಗ ಬಿಡಬಹುದು ಎಂದು ಹೇಳಿದೆ, ಯಾವಾಗ ಬಿಡಬಾರದು ಎಂದು ಹೇಳಲೇ ಇಲ್ಲ.

“ಮುಗಿಸಿ ಕೊಡ್ತೀನಿ” ಎಂದಷ್ಟೇ ಹೇಳಿ ಹಾಳೆ ಮಡಚಿಕೊಂಡು ಎದ್ದರು.

ಆಯಮ್ಮ ಗಂಟೆಯ ಕೆಳಗೆ ಕೂತಿದ್ದಳು, ಮಡಿಲಲ್ಲಿ ಪೊರಕೆ.

“ಆಯಮ್ಮಾ, ಬೀಗ ನೀನು ಹಾಕಿದ್ದಾ?”

“ಅಯ್ಯೋ, ನಾನ್ಯಾಕೆ ಹಾಕ್ಲಿ ಮಿಸ್? ಆ ಬಾಗ್ಲಿಂದಲೇ ಅಲ್ವಾ ನಾನು ಕಸ ಎಸೆಯೋದು? ಹೋದ ಸೋಮವಾರ ಬಂದು ನೋಡಿದ್ರೆ ಬೀಗ. ಗುಮಾಸ್ತರಿಗೆ ಹೇಳ್ದೆ. ಅವರು ಬರ್ಕೊಂಡು, ‘ಸಹಿ ಹಾಕು’ ಅಂದ್ರು, ಹಾಕ್ದೆ. ಸಹಿ ಹಾಕ್ದೆ ಮಿಸ್, ಬೀಗ ಅಲ್ಲ!” ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. “ಆ ಮಗೂನ ಎತ್ಕೊಂಡು ಓಡಿದ್ದು ನಾನು. ಅದನ್ನ ಯಾರೂ ಬರ್ಕೊಂಡಿಲ್ಲ.”

ದುರಸ್ತಿ ಪುಸ್ತಕ ಗುಮಾಸ್ತರ ಮೇಜಿನ ಮೇಲೆಯೇ ಇತ್ತು. ಮುರಿದ ಬೆಂಚು, ಸೋರುವ ನಲ್ಲಿ, ಏನಿದ್ದರೂ ಅದರಲ್ಲಿ ಬರೆದು ಹೇಳಿದವರ ಸಹಿ ತೆಗೆದುಕೊಳ್ಳುವುದು ರೂಢಿ. ಟೀಚರು ಪುಟ ತಿರುವಿದರು. ಹಿಂದಿನ ಸೋಮವಾರದ ಕೆಳಗೆ ಗುಮಾಸ್ತರ ಉರುಟು ಅಕ್ಷರ: ‘ಹಿಂಬಾಗಿಲಿಗೆ ಬೀಗ ಹಾಕಿದೆ. ಕೀಲಿ ಕೊಡಿಸಬೇಕು.’

ವರದಿಯಲ್ಲಿ ಎರಡನೇ ವಾಕ್ಯವೇ ಇರಲಿಲ್ಲ.

ಮೊದಲನೆಯದನ್ನು ಅವರು ಮತ್ತೆ ಮತ್ತೆ ಓದಿದರು. ಹಾಕಿದೆ. ‘ಹಾಕಿದೆನು’ ಎಂಬುದು ಮೊಟಕಾದರೂ ಹಾಕಿದೆ. ‘ಹಾಕಿ ಇದೆ’ ಎಂಬುದು ಕೂಡಿಕೊಂಡರೂ ಹಾಕಿದೆ. ಒಂದರಲ್ಲಿ ‘ನಾನು’ ಇದ್ದೇನೆ. ಇನ್ನೊಂದರಲ್ಲಿ ಬೀಗ ಬಾಗಿಲಿಗೆ ಬಿದ್ದಿದೆ, ಹಾಕಿದವರ ಸುದ್ದಿಯೇ ಇಲ್ಲ. ಕಾಗದದ ಮೇಲೆ ಎರಡೂ ಅವಳಿಜವಳಿ. ಆಯಮ್ಮ ಕಂಡದ್ದನ್ನು ಹೇಳಿದ್ದಳು. ಹೆಡ್‌ಮಾಸ್ಟರು ಅದನ್ನು ಮಾಡಿದ್ದೆಂದು ಓದಿದ್ದರು.

ಮರುದಿನ ಆಫೀಸರು ಬಂದರು. ಸಣ್ಣ ದನಿಯ, ದಪ್ಪ ಕನ್ನಡಕದ ಹೆಂಗಸು. ಹೆಡ್‌ಮಾಸ್ಟರ ಕೋಣೆಯಲ್ಲಿ ನಾಲ್ಕು ಕುರ್ಚಿ, ಆಯಮ್ಮ ಗೋಡೆಗೊರಗಿ ನಿಂತಿದ್ದಳು. ಟೀಚರು ತಿದ್ದಿದ ಹಾಳೆಯನ್ನು ಹೆಡ್‌ಮಾಸ್ಟರ ಕೈಗೆ ಕೊಡದೆ ದುರಸ್ತಿ ಪುಸ್ತಕದ ಜೊತೆ ನೇರ ಆಫೀಸರ ಮುಂದೆ ಇಟ್ಟರು.

ಹಾಳೆ ಕೆಂಪಗಾಗಿತ್ತು. ‘ಕಳುಹಿಸಲಾಯಿತು’ ಎಂಬಲ್ಲಿ: ‘ಯಾರು ಕಳುಹಿಸಿದರು?’ ‘ಹಾಕಲ್ಪಟ್ಟಿತ್ತು’ ಎಂಬಲ್ಲಿ: ‘_____ ಬೀಗವನ್ನು ಹಾಕಿದರು. ಬಿಟ್ಟ ಸ್ಥಳ ತುಂಬಿರಿ.’

“ಏನಮ್ಮಾ ಇದು, ಪ್ರಶ್ನೆಪತ್ರಿಕೆಯಾ?” ಎಂದರು ಆಫೀಸರು.

“ಹೌದು ಮೇಡಂ. ಇಲ್ಲಿ ಯಾರೂ ಉತ್ತರ ಬರೆದಿಲ್ಲ.”

“ಮಿಸ್, ವ್ಯಾಕರಣ ಕ್ಲಾಸಲ್ಲಿ ಇಟ್ಕೊಳ್ಳಿ” ಎಂದರು ಹೆಡ್‌ಮಾಸ್ಟರು. “ಅವಳೇ ‘ಹಾಕಿದೆ’ ಅಂತ ಸಹಿ ಮಾಡಿದ್ದಾಳೆ.”

“ಸಹಿ ಅವಳದು, ಅಕ್ಷರ ಗುಮಾಸ್ತರದು. ಅವಳ ಬಾಯಿಂದಲೇ ಕೇಳಿ ಮೇಡಂ.”

ಆಫೀಸರು ಆಯಮ್ಮನ ಕಡೆ ತಿರುಗಿದರು. “ಅವತ್ತು ಗುಮಾಸ್ತರಿಗೆ ಏನಂದ್ರಿ? ಅಂದ ಹಾಗೇ ಹೇಳಿ.”

“‘ಹಿಂದಿನ ಬಾಗ್ಲಿಗೆ ಬೀಗ ಹಾಕಿದೆ ಸಾರ್, ಕೀ ಕೊಡ್ಸಿ’ ಅಂದೆ.”

“ನೀನೇ ಹಾಕಿದ್ರೆ ಏನಂತಿದ್ದೆ?” ಎಂದರು ಟೀಚರು.

“ಹಾಕ್ದೆ ಅಂತಿದ್ದೆ.” ಆಯಮ್ಮನಿಗೆ ಸಿಟ್ಟು ಬಂತು. “ಯಾರಾದ್ರೂ ಹಾಗೇ ಅಲ್ವಾ ಅನ್ನೋದು? ನಾನು ಹಾಕ್ದೆ, ನಾನು ಗುಡಿಸ್ದೆ, ನಾನು ಹೊತ್ಕೊಂಡು ಓಡ್ದೆ. ಮಾಡಿದ್ದನ್ನ ಮಾಡ್ದೆ ಅನ್ನೋಕೆ ನನಗೇನು ಭಯ? ನಾನೇ ಹಾಕಿದ್ರೆ ಕೀ ನನ್ನ ಸೊಂಟದಲ್ಲಿರ್ತಿತ್ತು, ಅವರನ್ನ ಯಾಕೆ ಕೇಳ್ಲಿ?”

ಆಫೀಸರು ಪುಸ್ತಕದ ಎರಡನೇ ವಾಕ್ಯವನ್ನು ಬೆರಳಿಟ್ಟು ಓದಿದರು. ಆಮೇಲೆ ಗುಮಾಸ್ತರನ್ನು ಕೇಳಿದರು: “ಗುರುವಾರ ಬಾಗಿಲು ತೆಗೆದ ಕೀ ಎಲ್ಲಿಂದ ಬಂತು?”

ಗುಮಾಸ್ತರು ಗಂಟಲು ಸರಿಮಾಡಿಕೊಂಡರು. “ಕೀಲಿಯನ್ನು ತರಲಾಯಿತು ಮೇಡಂ.”

“ಯಾರು?”

ಈ ಸಲ ಕೇಳಿದವರು ಆಫೀಸರು. ಟೀಚರು ತುಟಿ ಕಚ್ಚಿಕೊಂಡರು.

“ನಾನೇ ತಂದೆ.” ಗುಮಾಸ್ತರು ನೆಲ ನೋಡಿದರು. “ಹೆಡ್ ಸಾರ್ ಮೇಜಿನ ಡ್ರಾಯರಿಂದ. ಮಕ್ಕಳು ಬಿಡುವಲ್ಲಿ ಹಿಂದಿನಿಂದ ಆಚೆ ಹೋಗ್ತಾರೆ ಅಂತ ಅದಕ್ಕೆ ಮುಂಚಿನ ಭಾನುವಾರ ಬಂದು ಅವರೇ ಹಾಕಿದ್ರು.”

ಹೊರಗೆ ಒಂದನೇ ತರಗತಿ ಮಗ್ಗಿ ಹೇಳುತ್ತಿತ್ತು. ಟೀಚರು ತಮ್ಮ ಪೆನ್ನನ್ನು ಶಿಷ್ಯನ ಮುಂದೆ ಇಟ್ಟರು.

“ಬರಿ. ಬೀಗವನ್ನು ಹಾಕಿದೆನು. ‘ನಾನು’ ಇಂದ ಶುರು ಮಾಡು.”

ಹೆಡ್‌ಮಾಸ್ಟರು ಬರೆದರು, ಬಹಳ ಹೊತ್ತು ಹಿಡಿಯಿತು. ಆಫೀಸರು ಆ ಹಾಳೆಯನ್ನು, ದುರಸ್ತಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, “ಆಯಮ್ಮ ಕೆಲಸದಲ್ಲೇ ಇರ್ತಾರೆ” ಎಂದು ಎದ್ದರು.

ಅಷ್ಟರಮಟ್ಟಿಗೆ ಗೆದ್ದೆವು ಎಂದುಕೊಂಡರು ಟೀಚರು. ಮೂರು ವಾರದ ಮೇಲೆ ಮೇಲಿನ ಆಫೀಸಿನ ಆದೇಶ ಬಂದು ನೋಟಿಸ್ ಬೋರ್ಡು ಸೇರಿತು: ‘ಲೋಪ ಉಂಟಾಗಿರುವುದನ್ನು ಗಮನಿಸಲಾಗಿದೆ. ಸಂಬಂಧಪಟ್ಟವರಿಗೆ ಎಚ್ಚರಿಕೆ ನೀಡಲಾಗಿದೆ.’ ಹೆಡ್‌ಮಾಸ್ಟರ ಕುರ್ಚಿ ಅಲ್ಲೇ ಇತ್ತು, ಹೆಡ್‌ಮಾಸ್ಟರೂ ಇದ್ದರು. ಹುಡುಗಿಯ ಕೈ ಮುರಿದದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಟೀಚರು ಬೋರ್ಡಿನ ಗಾಜು ಸರಿಸಿ ಕೆಂಪು ಪೆನ್ನಿನಿಂದ ಬರೆದರು. ಮೊದಲ ವಾಕ್ಯದ ಕೆಳಗೆ, ‘ಯಾರಿಂದ ಲೋಪ?’ ಎರಡನೆಯದರ ಕೆಳಗೆ, ‘ಯಾರಿಗೆ ಎಚ್ಚರಿಕೆ?’ ಅದರ ಕೆಳಗೆ, ಎರಡಕ್ಕೆ ಸೊನ್ನೆ. ಸಹಿ ಹಾಕಿ ತಾರೀಖನ್ನೂ ಹಾಕಿದರು, ಬರೆದವರು ಯಾರೆಂದು ಯಾರೂ ಕೇಳುವ ಕೆಲಸವಿರಬಾರದು.

ಗಾಜು ಮುಚ್ಚುವಾಗ ಹಿಂದಿನಿಂದ ತಣ್ಣನೆ ಗಾಳಿ ಬಂತು. ತಿರುಗಿದರೆ ಪಡಸಾಲೆಯ ಆ ತುದಿಯಲ್ಲಿ ಹಿಂಬಾಗಿಲು ಹಾರುಹೊಡೆದಿತ್ತು. ಬೀಗದ ಕೊಂಡಿಯೇ ಬಾಗಿಲಲ್ಲಿ ಇರಲಿಲ್ಲ, ನಾಲ್ಕು ಮೊಳೆಯ ತೂತು ಉಳಿದಿದ್ದವು. ಆಯಮ್ಮ ಹೊಸ್ತಿಲಲ್ಲಿ ಕಸ ಹೊರಗೆ ತಳ್ಳುತ್ತಿದ್ದಳು.

“ಆ ಕೊಂಡಿ ಎಲ್ಲಿ ಹೋಯ್ತು ಆಯಮ್ಮಾ?”

“ಎಲ್ಲೂ ಹೋಗಿಲ್ಲ ಮಿಸ್.” ಅವಳು ಪೊರಕೆ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿದಳು. “ನಾನೇ ಕಿತ್ತೆ. ಬೇಕಾದ್ರೆ ಬರ್ಕೊಳ್ಳಿ, ಸಹಿ ಹಾಕ್ತೀನಿ.”